ಬಡ್ಡಿ ಏರಿದರೆ ಹಳೆಯ ಬಾಂಡ್ ಅಗ್ಗವಾಗುವುದೇಕೆ? ಹತ್ತು ಸಾವಿರ ರೂಪಾಯಿಯ ಒಂದು ಲೆಕ್ಕ

ಬಡ್ಡಿ ದರ ಏರಿತೆಂಬ ಸುದ್ದಿ ಬಂದ ದಿನ ಎಫ್‌ಡಿ ಇಡಲು ಹೊರಟವರಿಗೆ ಖುಷಿ. ಕೈಯಲ್ಲಿ ಬಾಂಡ್ ಇರುವವರೂ ಅದೇ ಖುಷಿಯಲ್ಲಿ ಆ್ಯಪ್ ತೆರೆದರೆ ಅಲ್ಲಿ ಬೆಲೆ ಇಳಿದಿರುತ್ತದೆ. ‘ಸರ್ಕಾರದ ಬಾಂಡ್ ಅಲ್ವಾ, ಇದರಲ್ಲೂ ನಷ್ಟ ಆಗುತ್ತಾ?’ ಎಂದು ಕೇಳಿದರೆ ಏಜೆಂಟರು ತಕ್ಕಡಿಯ ಚಿತ್ರ ಬರೆದು, ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕಡೆ ಕೆಳಗೆ ಬರುತ್ತದೆ ಅನ್ನುತ್ತಾರೆ. ಏಕೆ ಎನ್ನುವುದು ಆ ಚಿತ್ರದಲ್ಲಿ ಇರುವುದಿಲ್ಲ. ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ನಿಜವಾದ ಎರಡು ಬಾಂಡ್‌ಗಳನ್ನೇ ಇಟ್ಟುಕೊಂಡು ನೋಡೋಣ.

ಹಂತ 1: ಬದಲಾಗದ್ದನ್ನು ಬರೆದುಕೊಳ್ಳಿ

2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷದ ಒಂದು ಬಾಂಡ್ ಬಿಟ್ಟಿತು. ಅದರ ಬಡ್ಡಿ, ಅಂದರೆ ಕೂಪನ್, ಶೇ 6.54. ₹10,000 ಮುಖಬೆಲೆಗೆ ವರ್ಷಕ್ಕೆ ₹654, 2032ರ ಜನವರಿಯಲ್ಲಿ ಅಸಲು ₹10,000 ವಾಪಸ್. ಈ ಅಂಕಿಗಳನ್ನು ಇನ್ನು ಯಾರೂ ತಿದ್ದುವಂತಿಲ್ಲ. ರಿಸರ್ವ್ ಬ್ಯಾಂಕ್ ಏನೇ ಮಾಡಲಿ, ಸರ್ಕಾರ ಕೊಡುವುದು ₹654 ಮಾತ್ರ.

ಹಂತ 2: ಪಕ್ಕದಲ್ಲಿ ಹೊಸ ಬಾಂಡ್ ಇಡಿ

2022ರ ಮೇ 4ರಂದು ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು, ಆಗಸ್ಟ್ ಹೊತ್ತಿಗೆ ಅದು 5.40 ಆಗಿತ್ತು. ಅದೇ ಆಗಸ್ಟಿನಲ್ಲಿ ಸರ್ಕಾರ ಮತ್ತೆ ಹತ್ತು ವರ್ಷದ ಬಾಂಡ್ ಬಿಟ್ಟಾಗ ಕೂಪನ್ ಶೇ 7.26. ಸಾಲ ತೆಗೆದುಕೊಂಡವರು ಅವರೇ, ಅವಧಿ ಹೆಚ್ಚುಕಮ್ಮಿ ಅಷ್ಟೇ. ಆದರೆ ಇದು ವರ್ಷಕ್ಕೆ ₹726 ಕೊಡುತ್ತದೆ.

ಈಗ ನೀವು ಹಳೆಯ ಬಾಂಡನ್ನು ಮಾರಲು ಹೊರಟಿದ್ದೀರಿ. ಕೊಳ್ಳುವವರ ಕೈಯಲ್ಲಿ ₹10,000 ಇದೆ. ಅಷ್ಟೇ ದುಡ್ಡಿಗೆ ₹726 ಸಿಗುವಾಗ ನಿಮ್ಮ ₹654ರ ಕಾಗದವನ್ನು ಅವರೇಕೆ ತಗೊಳ್ಳಬೇಕು? ‘ನಾನು ಕೊಟ್ಟಿದ್ದು ಹತ್ತು ಸಾವಿರ, ಹತ್ತು ಸಾವಿರಕ್ಕೇ ಕೊಡೋದು’ ಅಂತ ಹಟ ಹಿಡಿದರೆ ಬಾಂಡ್ ನಿಮ್ಮ ಹತ್ತಿರವೇ ಉಳಿಯುತ್ತದೆ, ಅಷ್ಟೇ. ಬಡ್ಡಿಯನ್ನು ಹೆಚ್ಚಿಸುವುದು ನಿಮ್ಮ ಕೈಯಲ್ಲಿಲ್ಲ. ಇಳಿಸಲು ಸಾಧ್ಯವಿರುವುದು ಬೆಲೆಯೊಂದೇ.

ಹಂತ 3: ಎಷ್ಟು ಇಳಿಸಬೇಕು?

ಎಲ್ಲರೂ ಮುಗ್ಗರಿಸುವುದು ಇಲ್ಲಿ. ಲೆಕ್ಕ ಸುಲಭವಾಗಲೆಂದು ಎರಡೂ ಬಾಂಡ್‌ಗೆ ಸರಿಯಾಗಿ ಹತ್ತು ವರ್ಷ ಬಾಕಿ ಇದೆ, ಬಡ್ಡಿ ವರ್ಷಕ್ಕೊಮ್ಮೆ ಬರುತ್ತದೆ ಅಂದುಕೊಳ್ಳಿ. (ನಿಜಕ್ಕೂ ಆರು ತಿಂಗಳಿಗೊಮ್ಮೆ ಬರುತ್ತದೆ. ಉತ್ತರದಲ್ಲಿ ಐದಾರು ರೂಪಾಯಿ ವ್ಯತ್ಯಾಸ, ಬಿಡಿ.)

ಮೊದಲ ತಪ್ಪು, 654ನ್ನು 726ರಿಂದ ಭಾಗಿಸಿ ಹತ್ತು ಸಾವಿರದಿಂದ ಗುಣಿಸುವುದು. ಹಾಗೆ ಮಾಡಿದರೆ ಬೆಲೆ ಸುಮಾರು ₹9,008 ಬರುತ್ತದೆ. ಅಸಲು ಎಂದೂ ಹಿಂದಿರುಗದೆ ಬರೀ ಬಡ್ಡಿಯೇ ಬರುತ್ತಿರುವ ಬಾಂಡಿಗೆ ಇದು ಸರಿ. ನಿಮ್ಮದರಲ್ಲಿ ಹತ್ತನೇ ವರ್ಷ ಪೂರ್ತಿ ₹10,000 ವಾಪಸ್ ಬರುತ್ತದಲ್ಲ, ಅದನ್ನು ಈ ಲೆಕ್ಕ ಮರೆತುಬಿಟ್ಟಿದೆ.

ಎರಡನೆಯ ತಪ್ಪು ಹೆಚ್ಚು ಜಾಣತನದ್ದು. ವರ್ಷಕ್ಕೆ ₹72 ಕಡಿಮೆ, ಹತ್ತು ವರ್ಷಕ್ಕೆ ₹720. ಹಾಗಾಗಿ ಬೆಲೆ ₹9,280 ಅನ್ನುತ್ತಾರೆ. ಆಲೋಚನೆ ಸರಿಯಾಗಿಯೇ ಇದೆ, ಆದರೆ ರಿಯಾಯಿತಿ ಜಾಸ್ತಿಯಾಯಿತು. ಕೊಳ್ಳುವವರು ₹72ನ್ನು ಕಳೆದುಕೊಳ್ಳುವುದು ವರ್ಷಕ್ಕೊಂದು ಕಂತಿನಂತೆ, ನೀವು ರಿಯಾಯಿತಿ ಕೊಡುವುದು ಮಾತ್ರ ಇವತ್ತೇ, ಒಟ್ಟಿಗೆ. ಇವತ್ತು ಕೈಗೆ ಬಂದ ದುಡ್ಡನ್ನು ಅವರು ಶೇ 7.26ಕ್ಕೆ ಬೆಳೆಸಬಹುದು. ಆದ್ದರಿಂದ ಒಂದು ವರ್ಷದ ನಂತರದ ₹72ಕ್ಕೆ ಇವತ್ತು ₹67 ಕೊಟ್ಟರೆ ಸಾಕು, ಏಕೆಂದರೆ 67 ಒಂದು ವರ್ಷದಲ್ಲಿ ಬೆಳೆದು 72ರ ಹತ್ತಿರ ಬರುತ್ತದೆ. ಎರಡನೇ ವರ್ಷದ ₹72ನ್ನು 1.0726ರಿಂದ ಎರಡು ಸಲ ಭಾಗಿಸಿ, ಮೂರನೆಯದನ್ನು ಮೂರು ಸಲ. ಹತ್ತನೇ ವರ್ಷದ ₹72 ಇವತ್ತಿಗೆ ಸುಮಾರು ₹36 ಮಾತ್ರ. ಹತ್ತನ್ನೂ ಕೂಡಿ: ₹500 ಬರುತ್ತದೆ.

ಅಲ್ಲಿಗೆ ಹಳೆಯ ಬಾಂಡಿನ ಬೆಲೆ ₹9,500. ಶೇ 7.26ರ ಕಾಲದಲ್ಲಿ ಶೇ 6.54ರ ಕಾಗದಕ್ಕೆ ಇದೇ ನ್ಯಾಯದ ಬೆಲೆ. ಕಂಪ್ಯೂಟರಿನಲ್ಲಿ ತಾಳೆ ನೋಡಬೇಕಿದ್ದರೆ ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=PV(7.26%,10,-654,-10000)
```

ಆನ್‌ಲೈನ್ ಬಾಂಡ್ ಕ್ಯಾಲ್ಕುಲೇಟರ್‌ಗಳ ಬಗ್ಗೆ ಒಂದು ಮಾತು. ಕೆಲವು 654ನ್ನು 9,500ರಿಂದ ಭಾಗಿಸಿ ಶೇ 6.88 ಎಂದು ತೋರಿಸಿ ಸುಮ್ಮನಾಗುತ್ತವೆ. ಇದನ್ನು ಕಂಡು ‘7.26 ಎಲ್ಲಿ ಹೋಯಿತು?’ ಎಂದು ಗಾಬರಿಯಾಗುವವರಿದ್ದಾರೆ. ₹9,500ಕ್ಕೆ ಕೊಂಡವರಿಗೆ ಕೊನೆಗೆ ಸಿಗುವುದು ₹10,000. ಆ ₹500ನ್ನೂ ಸೇರಿಸಿದರೆ 7.26 ಆಗುತ್ತದೆ. ಹಾಗೆ ಸೇರಿಸಿದ್ದಕ್ಕೆ ಯೀಲ್ಡ್ ಟು ಮೆಚ್ಯೂರಿಟಿ ಅನ್ನುತ್ತಾರೆ. ಅದನ್ನು ತೋರಿಸದ ಕ್ಯಾಲ್ಕುಲೇಟರ್ ಬಳಸಲೇ ಬೇಡಿ.

ಹಂತ 4: ಅವಧಿ ಬದಲಿಸಿ ನೋಡಿ

ಇದೇ ಬಾಂಡಿಗೆ ಒಂದೇ ವರ್ಷ ಬಾಕಿ ಇದ್ದು, ಒಂದು ವರ್ಷದ ದರವೂ ಶೇ 7.26 ಇದೆ ಅನ್ನಿ. ಕೊಳ್ಳುವವರು ಕಳೆದುಕೊಳ್ಳುವುದು ಒಂದೇ ₹72. ರಿಯಾಯಿತಿ ₹67, ಬೆಲೆ ₹9,933. ದರ ಏರಿದ್ದು ಅಷ್ಟೇ, ಪೆಟ್ಟು ಮಾತ್ರ ಏಳನೇ ಒಂದು ಭಾಗಕ್ಕಿಂತ ಕಡಿಮೆ. ಕಡಿಮೆ ಬಡ್ಡಿಯನ್ನು ಎಷ್ಟು ವರ್ಷ ಸಹಿಸಬೇಕೋ ಅಷ್ಟು ಹೆಚ್ಚು ರಿಯಾಯಿತಿ.

ಪ್ರತಿ ಸಲವೂ ಇಷ್ಟೆಲ್ಲ ಕೂಡುತ್ತ ಕೂರಲಾಗದವರಿಗೆ ಒಂದು ಅಡ್ಡದಾರಿ ಇದೆ. ಡೆಟ್ ಮ್ಯೂಚುವಲ್ ಫಂಡ್‌ಗಳ ಫ್ಯಾಕ್ಟ್‌ಶೀಟ್‌ನಲ್ಲಿ ‘ಮಾಡಿಫೈಡ್ ಡ್ಯುರೇಶನ್’ ಎಂಬ ಸಾಲು ಇರುತ್ತದೆ. ಅಲ್ಲಿ 7 ಎಂದಿದ್ದರೆ, ದರ ಒಂದು ಅಂಶ, ಅಂದರೆ ಶೇ 7ರಿಂದ 8ಕ್ಕೆ, ಏರಿದಾಗ ಬೆಲೆ ಸುಮಾರು ಶೇ 7 ಇಳಿಯುತ್ತದೆ. ನಮ್ಮ ಹತ್ತು ವರ್ಷದ ಬಾಂಡಿಗೂ ಆ ಸಂಖ್ಯೆ 7ರ ಆಸುಪಾಸೇ: 0.72 ಏರಿಕೆಗೆ ಶೇ 5. ಸಣ್ಣ ಏರಿಳಿತಕ್ಕೆ ಈ ಗುಣಾಕಾರ ನಂಬಬಹುದು. ದರ ಎರಡು ಮೂರು ಅಂಶ ಜಿಗಿದರೆ ನಿಜವಾದ ಇಳಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಸರ್ಕಾರಿ ಬಾಂಡ್‌ಗಳಲ್ಲಿ ದುಡ್ಡು ಹಾಕುವ ಗಿಲ್ಟ್ ಫಂಡನ್ನು ‘ಎಫ್‌ಡಿ ಥರಾನೇ, ಸರ್ಕಾರದ ಗ್ಯಾರಂಟಿ’ ಎಂದು ಮಾರುವವರು ಈ ಸಾಲನ್ನು ತೋರಿಸುವುದಿಲ್ಲ, ನೀವೇ ಕೇಳಿ. ಸರ್ಕಾರದ ಗ್ಯಾರಂಟಿ ಬಡ್ಡಿಗೆ, ಅಸಲಿಗೆ. ನಾಳೆಯ ಮಾರುಕಟ್ಟೆ ಬೆಲೆಗಲ್ಲ.

ಹಂತ 5: ಮಾರಬೇಕೇ ಎಂದು ಕೇಳಿಕೊಳ್ಳಿ

ಮಾರದಿದ್ದರೆ ಆ ₹500 ಆ್ಯಪಿನ ಪರದೆಯ ಮೇಲಷ್ಟೇ ಕಾಣುತ್ತದೆ, 2032ರಲ್ಲಿ ಪೂರ್ತಿ ₹10,000 ಬರುತ್ತದೆ. ಹಾಗಂತ ನಷ್ಟವೇ ಇಲ್ಲ ಎನ್ನುವುದೂ ತಪ್ಪು. ನೀವು ₹500ನ್ನು ಒಮ್ಮೆಗೇ ಕಳೆದುಕೊಳ್ಳುವ ಬದಲು ವರ್ಷಕ್ಕೆ ₹72ರಂತೆ ಕಂತಿನಲ್ಲಿ ಬಿಟ್ಟುಕೊಡುತ್ತೀರಿ. ತೆರಿಗೆ, ಖರ್ಚು ಬದಿಗಿಟ್ಟು ನೋಡಿದರೆ ಎರಡೂ ಒಂದೇ. ದರ ಏರಿದ ಮೇಲೆ ಹೆದರಿ ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುವುದರಿಂದ ಲಾಭವೇನೂ ಆಗುವುದಿಲ್ಲ. ದಲ್ಲಾಳಿಗೆ ಒಂದಿಷ್ಟು ಕಮಿಷನ್ ಹೋಗುತ್ತದೆ.

ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ₹10,000ದಿಂದಲೇ ಸರ್ಕಾರಿ ಬಾಂಡ್ ಕೊಳ್ಳಬಹುದು. ಕೊಳ್ಳುವಾಗ ಕೂಪನ್‌ಗಿಂತ ಮೊದಲು ಮೆಚ್ಯೂರಿಟಿಯ ವರ್ಷ ನೋಡಿ. ಮೂರು ವರ್ಷದಲ್ಲಿ ಮಗಳ ಕಾಲೇಜಿಗೆ ಬೇಕಾದ ದುಡ್ಡಾದರೆ ಮೂರು ವರ್ಷದ ಬಾಂಡನ್ನೇ ಕೊಳ್ಳಿ. ಅರ್ಧ ಪರ್ಸೆಂಟ್ ಹೆಚ್ಚು ಬರುತ್ತದೆಂದು ಮೂವತ್ತು ವರ್ಷದ್ದಕ್ಕೆ ಕೈ ಹಾಕಿದರೆ, ಫೀಸು ಕಟ್ಟುವ ವಾರ ಅದಕ್ಕೆ ಏನು ಬೆಲೆ ಇರುತ್ತದೋ ಅಷ್ಟಕ್ಕೇ ಮಾರಬೇಕಾಗುತ್ತದೆ.