ಅಟ್ರೋಪಿನ್ ಡ್ರಿಪ್ ಮೇಲಿದ್ದವನಿಗೆ ‘ಸೈಕೋಸಿಸ್’ ಅನ್ನುವ ಮುಂಚೆ ಬಗಲು ಮುಟ್ಟಿ ನೋಡಿ

ಹಾವೇರಿ ಕಡೆಯ ಮೆಡಿಸಿನ್ ವಾರ್ಡುಗಳಲ್ಲಿ ಬೆಳೆಗೆ ಹೊಡೆಯುವ ಔಷಧ ಕುಡಿದು ಬಂದವರು ಯಾವಾಗಲೂ ಇರುತ್ತಾರೆ. ಆ ವಿಷಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಡ್ರಿಪ್ ಶುರುವಾದ ಎರಡನೇ ರಾತ್ರಿ ರೋಗಿ ಕೂಗಾಡಿದರೆ ಕೇಸ್ ಶೀಟಿನಲ್ಲಿ ‘ಸೈಕೋಸಿಸ್?’ ಬಿದ್ದೇಬಿಡುತ್ತದೆ. ವಿಷ ಕುಡಿದವನಲ್ಲವೇ, ಮೊದಲೇ ತಲೆ ಸರಿಯಿರಲಿಲ್ಲ ಅನ್ನುವುದು ಎಲ್ಲರ ಲೆಕ್ಕ. ಇದು ಸೈಕೋಸಿಸ್ಸೋ, ಮೈಯ ತೊಂದರೆಯಿಂದ ಗಮನವೇ ನಿಲ್ಲದಂತಾಗುವ ಡೆಲಿರಿಯಮ್ಮೋ ಎಂದು ತಿಳಿಯಲು ಒಂದು ಪುಟದ ಚೆಕ್‌ಲಿಸ್ಟ್ ಮಾಡಿದಾಗ ನಕ್ಕವರು ಈಗ ಅದರ ಝೆರಾಕ್ಸ್ ಕೇಳುತ್ತಾರೆ. ಖರ್ಚು ಎರಡು ರೂಪಾಯಿ. ಅದಿಲ್ಲದಾಗ ತಲೆಯ ಸಿಟಿ, ಹುಬ್ಬಳ್ಳಿಗೆ ಗಾಡಿ ಎಂದು ಮನೆಯವರದು ಐದಾರು ಸಾವಿರ ಹೋಗುತ್ತಿತ್ತು.

ಮೊದಲ ಹಾಳೆ ಕೈಕೊಟ್ಟಿತು. ತಿಂಗಳುಗಳನ್ನು ಹಿಂದಿನಿಂದ ಹೇಳಿ ಎಂದರೆ ನಮ್ಮ ಹಳ್ಳಿಯವರಿಗೆ ಮುಂದಿನಿಂದಲೇ ಕಷ್ಟ. ಹಾಗಾಗಿ ರವಿವಾರ, ಶನಿವಾರ ಎಂದು ವಾರಗಳ ಹೆಸರಿಗೆ ಇಳಿದೆ. ತಾರೀಖಿನ ಬದಲು, “ನಿಮ್ಮೂರ ಸಂತಿ ಯಾವತ್ತ್ರೀ? ಅದಕ್ಕ ಇನ್ನ ಎಷ್ಟು ದಿನ ಐತಿ?” ಎಂದು ಕೇಳುತ್ತೇನೆ. ಆಮೇಲೆ ಹತ್ತು ಅಕ್ಷರ ಹೇಳಿ, ‘ಕ’ ಬಂದಾಗ ಮಾತ್ರ ಕೈ ಹಿಸುಕಲು ಹೇಳುತ್ತೇನೆ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ. ಅಕ್ಷರಗಳ ಸಾಲನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ಕೂತ ಭಾವ ಹೇಳಿಕೊಡುತ್ತಾನೆ!

ಮೂವತ್ತೈದರ ಆಸುಪಾಸಿನ ಒಬ್ಬ ಹತ್ತಿ ಬೆಳೆಗಾರ. ಗಾಳಿಯಲ್ಲಿ ದಾರ ಎಳೆಯುತ್ತಿದ್ದ. “ಗ್ವಾಡಿ ಮ್ಯಾಲ ಇರುವಿ ಹರದಾಡಾಕತ್ತಾವ” ಎನ್ನುತ್ತಿದ್ದ. ಬೆಳಿಗ್ಗೆ ಹೆಂಡತಿಯ ಗುರುತು ಹಿಡಿದವನು ಸಂಜೆಗೆ ಹಿಡಿಯಲಿಲ್ಲ. ಹಿಂದೆಂದೂ ಹೀಗಾಗಿಲ್ಲ ಎಂದು ಅಣ್ಣ ಹೇಳಿದ. ವಾರ ಕೇಳಿದರೆ ಎರಡು ಹೇಳಿ ಜಾರಿದ. ನಾಡಿ 140ರ ಹತ್ತಿರ, ಪಾಪೆ ಅಗಲ, ಮೈ ಬಿಸಿ, ಬಗಲು ಒಣಒಣ, ಹೊಟ್ಟೆಯಲ್ಲಿ ಸದ್ದಿಲ್ಲ. ಕ್ಯಾತಿಟರ್ ಹಾಕಿದರೆ ಮುಕ್ಕಾಲು ಲೀಟರಿನಷ್ಟು ಮೂತ್ರ ಬಂತು. ಎಲ್ಲವೂ ಅಟ್ರೋಪಿನ್ ಅತಿಯಾದ ಲಕ್ಷಣ.

ಡ್ರಿಪ್ ನಿಲ್ಲಿಸಿ ಅರ್ಧ ಗಂಟೆಗೊಮ್ಮೆ ಎದೆಯ ಸದ್ದು, ನಾಡಿ ನೋಡಿದೆವು. ಲಕ್ಷಣ ಇಳಿದ ಮೇಲೆ ಹಿಂದಿನ ವೇಗದ ಮುಕ್ಕಾಲಿನಷ್ಟಕ್ಕೆ ಮತ್ತೆ ಶುರು ಮಾಡಿದೆವು. ಡಯಾಜೆಪಾಮ್ ನಿಧಾನವಾಗಿ ಕೊಟ್ಟೆ. ಹ್ಯಾಲೊಪೆರಿಡಾಲ್ ಬೇಡವೆಂದೆ, ಅದು ಫಿಟ್ಸ್ ಬರುವುದನ್ನು ಸುಲಭ ಮಾಡುತ್ತದೆ, ಇಸಿಜಿಯ ಕ್ಯೂಟಿಯನ್ನೂ ಉದ್ದ ಮಾಡುತ್ತದೆ. ದಿಂಬಿನಿಂದ ತಲೆ ಎತ್ತಲು ಹೇಳಿ ಕುತ್ತಿಗೆಯ ಬಲವನ್ನೂ ನೋಡುತ್ತಲೇ ಇದ್ದೆ, ಉಸಿರು ಸೋಲುವ ಮೊದಲು ಸೋಲುವುದು ಅದೇ. ಮರುದಿನ ಸಂಜೆ ರವಿವಾರದಿಂದ ಹಿಂದಕ್ಕೆ ಏಳೂ ವಾರ ಸರಿಯಾಗಿ ಹೇಳಿದ. ಸೈಕಿಯಾಟ್ರಿಗೆ ತೋರಿಸಿದ್ದು ಆಮೇಲೆ, ವಿಷ ಯಾಕೆ ಕುಡಿದ ಎಂದು ಅವನೇ ಹೇಳಬಲ್ಲ ಸ್ಥಿತಿಯಲ್ಲಿ.

ಇದಕ್ಕೆ ತದ್ವಿರುದ್ಧ, ಜ್ವರಕ್ಕೆಂದು ಬಂದ ಒಬ್ಬ ಹುಡುಗಿ. ಕೈ ಹಿಸುಕುವುದು ಹತ್ತಕ್ಕೆ ಹತ್ತು, ಸಂತೆಯ ಲೆಕ್ಕವೂ ಸರಿ. ಆದರೆ ಎರಡು ಮೂರು ತಿಂಗಳಿಂದ ಓಣಿಯವರೆಲ್ಲ ತನ್ನ ಬಗ್ಗೆ ಮಾತಾಡುವುದು ಕಿವಿಗೆ ಬೀಳುತ್ತದೆ ಎಂದಳು. ಗಮನ ನೆಟ್ಟಗಿದ್ದುದರಿಂದ ಇದು ಸೈಕೋಸಿಸ್ ಇರಬೇಕೆಂದು ಅವಳನ್ನು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕಳಿಸಿದೆ.

ತೀರಾ ಉದ್ರೇಕಗೊಂಡ ಸೈಕೋಸಿಸ್ ರೋಗಿಯೂ ವಾರ ತಪ್ಪಿಸುತ್ತಾನೆ. ಅನುಮಾನವಿದ್ದರೆ ಡೆಲಿರಿಯಮ್ ಎಂದೇ ಹಿಡಿದು ಗ್ಲೂಕೋಸ್, ಸೋಡಿಯಂ, ಆಕ್ಸಿಜನ್ ಮೊದಲು ನೋಡಿ. ಬಗಲು ಒದ್ದೆಯಿದ್ದು ಕೈ ನಡುಗುತ್ತಿದ್ದರೆ ಸೆರೆ ಕುಡಿಯುವುದನ್ನು ಯಾವಾಗ ಬಿಟ್ಟ ಎಂದು ಹೆಂಡತಿಯನ್ನು ಬೇರೆ ಕರೆದು ಕೇಳಿ.