ತಪ್ಪು ಉತ್ತರಗಳಿಂದಲೇ ನನ್ನ ಹೊಸ ಕೆಲಸ ಶುರುವಾಯಿತು

11 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಈಗ 4 ವರ್ಷದಿಂದ ಕಂಪನಿಗಳಿಗೆ ತರಬೇತಿ ಮಾಡ್ಯೂಲ್ ಮಾಡಿಕೊಡುತ್ತಿದ್ದೇನೆ. ಕೆಲಸ ಬಿಟ್ಟಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೇಡ ಅಂದಿದ್ದರು. ಮೊದಲ 8 ತಿಂಗಳು ಅವರ ಮಾತೇ ನಿಜವಾಗುವ ಹಾಗಿತ್ತು.

ಸರ್ಟಿಫಿಕೇಟ್ ಕೋರ್ಸಿಗೆ ಸುಮಾರು 35 ಸಾವಿರ ಕೊಟ್ಟೆ. ಮಾಡ್ಯೂಲ್ ಮಾಡುವ ಸ್ಟೋರಿಲೈನ್ ಸಾಫ್ಟ್‌ವೇರಿನ ಟ್ರಯಲ್ ಹಾಕಿಕೊಂಡು 30 ದಿನ ರಾತ್ರಿ ಕೂತು ದ್ಯುತಿಸಂಶ್ಲೇಷಣೆಯ ಮೇಲೆ ಒಂದು ಚೆಂದದ ಮಾಡ್ಯೂಲ್ ಮಾಡಿದೆ. ಇಪ್ಪತ್ತೈದು ಕಡೆ ಕಳಿಸಿದೆ. ಮೂರು ಕಡೆ ಟೆಸ್ಟ್ ಕೊಟ್ಟರು, ಮೂರರಲ್ಲೂ ಆಗಲಿಲ್ಲ. ಒಬ್ಬರು ಮಾತ್ರ ಫೋನ್ ಮಾಡಿ ಕಾರಣ ಹೇಳಿದರು. "ಮೇಡಂ, ಪಾಠ ಚೆನ್ನಾಗಿದೆ. ಆದರೆ ಇದನ್ನು ನೋಡಿದವರು ನಾಳೆ ಕೆಲಸದಲ್ಲಿ ಏನು ಬದಲಾಯಿಸಿಕೊಳ್ತಾರೆ?"

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಹತ್ತಿರ ಬೇರೆಯವರಿಗಿಲ್ಲದ್ದು ಏನಿದೆ ಅಂತ ಯೋಚಿಸಿದೆ. ಸಾವಿರಾರು ಉತ್ತರಪತ್ರಿಕೆ ತಿದ್ದಿದ್ದೇನೆ. ಮಕ್ಕಳು ಸುಮ್ನೆ ತಪ್ಪು ಬರೆಯುವುದಿಲ್ಲ. ಪ್ರತಿ ತಪ್ಪಿಗೂ ಅವರದ್ದೇ ಒಂದು ಲೆಕ್ಕಾಚಾರ ಇರುತ್ತದೆ, ಅದು ಎಲ್ಲಿ ದಾರಿ ತಪ್ಪಿತು ಅಂತ ನನಗೆ ಕಾಣುತ್ತದೆ. ಅಂದಿನಿಂದ ಮೊದಲು ತಪ್ಪು ಹುಡುಕುವುದು, ಆಮೇಲೆ ವಿಷಯ ಬರೆಯುವುದು ಅಂತ ಮಾಡಿಕೊಂಡೆ.

ಪರಿಚಯದವರ ಮೂಲಕ ಪೀಣ್ಯದ ಹತ್ತಿರ ಔಷಧಿ ವಿತರಿಸುವ ಒಂದು ಗೋದಾಮಿನ ಕೆಲಸ ಸಿಕ್ಕಿತು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಇನ್ಸುಲಿನ್, ಲಸಿಕೆ ಬಾಕ್ಸುಗಳು ಹೊರಗೇ ಉಳಿದುಬಿಡುತ್ತಿದ್ದವು. 40 ನಿಮಿಷದ ಕೋರ್ಸ್ ಬೇಕು ಅಂದರು, ಅರವತ್ತು ಚಿಲ್ಲರೆ ಸ್ಲೈಡ್ ಕೊಟ್ಟರು. ನಾನು ಹುಡುಗರನ್ನು ಕೇಳಿ ನೋಡಿದೆ. "2ರಿಂದ 8" ಅಂತ ಎಲ್ಲರೂ ಥಟ್ಟನೆ ಹೇಳಿದರು. ಗೊತ್ತಿರುವುದನ್ನೇ 40 ನಿಮಿಷ ಹೇಳಿ ಏನು ಪ್ರಯೋಜನ?

ಎರಡು ಬೆಳಿಗ್ಗೆ ಲಾರಿ ಇಳಿಸುವ ಜಾಗದಲ್ಲಿ ಕೂತೆ. ಹುಡುಗರು ಬಿಲ್ಲಿನ ಸಾಲಿನ ಪ್ರಕಾರವೇ ಬಾಕ್ಸ್ ಎಣಿಸುತ್ತಿದ್ದರು. ಇನ್ಸುಲಿನ್ ಕೊನೆಯಲ್ಲಿದ್ದರೆ ಅದು ಕೊನೆಗೇ ಒಳಗೆ ಹೋಗುತ್ತಿತ್ತು. ಇನ್ನು ಕೆಲವರು ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಬಾಕ್ಸನ್ನು ನೇರ ಐಸ್ ಪ್ಯಾಕಿಗೆ ಒತ್ತಿ ಇಡುತ್ತಿದ್ದರು. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ, ಅಲ್ವಾ? ಮೂರನೆಯದು ಹುಡುಗರ ತಪ್ಪೇ ಅಲ್ಲ. ಕೋಲ್ಡ್ ರೂಮಿನ ಕೀ ಸೂಪರ್‌ವೈಸರ್ ಜೇಬಿನಲ್ಲಿತ್ತು, ಅವರು ಬರುವುದೇ ಒಂಬತ್ತೂವರೆಗೆ. ಇದಕ್ಕೆ ಯಾವ ಮಾಡ್ಯೂಲೂ ಬೇಡ, ಇನ್ನೊಂದು ಕೀ ಮಾಡಿಸಿ ಅಂದೆ.

ಉಳಿದದ್ದಕ್ಕೆ 7 ನಿಮಿಷದ ಮಾಡ್ಯೂಲ್ ಸಾಕಾಯಿತು. ಒಟ್ಟು 5 ಸನ್ನಿವೇಶ. ಒಂದು ಹೀಗಿತ್ತು: ಲಾರಿ ಬಂದಿದೆ, ಬಿಲ್ಲಿನಲ್ಲಿ 40 ಸಾಲು, ಇನ್ಸುಲಿನ್ 31ನೆಯದು. ನೀವೇನು ಮಾಡುತ್ತೀರಿ? ಬಿಲ್ಲಿನ ಪ್ರಕಾರ ಎಣಿಸುವುದು, ಬಾಕ್ಸನ್ನು ನೆರಳಿಗೆ ಸರಿಸಿ ಎಣಿಸುವುದು, ಮೊದಲು ಅದನ್ನು ಕೋಲ್ಡ್ ರೂಮಿಗೆ ಕಳಿಸುವುದು. ಮೊದಲೆರಡೂ ನಾನು ಕಣ್ಣಾರೆ ಕಂಡದ್ದು. ನೆರಳು ಆರಿಸಿದವರಿಗೆ "ತಪ್ಪು" ಅಂತ ತೋರಿಸಲಿಲ್ಲ. ಎರಡು ಗಂಟೆ ಆದಮೇಲೆ ಬಾಕ್ಸಿನೊಳಗಿನ ಲಾಗರ್ 14 ಡಿಗ್ರಿ ತೋರಿಸುವ ಚಿತ್ರ ಬರುತ್ತಿತ್ತು. ಮೊದಲು ಆರು ಜನರ ಮೇಲೆ ನೋಡಿ, ಯಾರೂ ಮುಟ್ಟದ ಆಯ್ಕೆಗಳನ್ನು ಕಿತ್ತುಹಾಕಿದೆ. ಯಾರೂ ಮಾಡದ ತಪ್ಪಿಗೆ ಅಲ್ಲಿ ಜಾಗ ಯಾಕೆ?

ಹುಡುಗರು ತಮ್ಮ ತಪ್ಪನ್ನು ತಾವೇ ಬಾಯಿಬಿಟ್ಟು ಹೇಳುವ ಹಾಗೆ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದರಿಂದಲೇ ನನ್ನ ಊಟ ನಡೆಯುತ್ತಿದೆ.

ದುಡ್ಡಿನ ಮಾತು ಕಷ್ಟವಾಯಿತು. ನಿಮಿಷಕ್ಕೆ 2 ಸಾವಿರ ಅಂತ ಮಾತಾಗಿತ್ತು. ಹಾಗಾದರೆ 80 ಸಾವಿರದ ಕೆಲಸ 14 ಸಾವಿರಕ್ಕೆ ಇಳಿಯಿತು. ಬಿಡಲಿಲ್ಲ. ನೋಡಿದ ದಿನ, ಪ್ರಯೋಗ, ತಿದ್ದುಪಡಿ ಎಲ್ಲ ಸೇರಿಸಿ ಹೊಸ ಲೆಕ್ಕ ಕೊಟ್ಟೆ, 45 ಸಾವಿರಕ್ಕೆ ಒಪ್ಪಿದರು. ಅಂದಿನಿಂದ ನಿಮಿಷದ ಲೆಕ್ಕ ಬಿಟ್ಟಿದ್ದೇನೆ. ಮೊದಲ ವರ್ಷ ಶಾಲೆಯ ಸಂಬಳದಷ್ಟೂ ಬರಲಿಲ್ಲ. ಈಗ ಅದರ ಎರಡೂವರೆ ಪಟ್ಟು ಬರುತ್ತದೆ.

ಅದೇ ಮಾಡ್ಯೂಲಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಸ್ಟುಡಿಯೋ ದನಿ ಬಿಟ್ಟು, ಅಲ್ಲಿನ ಹಿರಿಯ ಲೋಡರ್ ಒಬ್ಬರಿಂದಲೇ ಕನ್ನಡದಲ್ಲಿ ಓದಿಸಿದೆ. ಹುಡುಗರು ಕೊನೆಯವರೆಗೂ ಕೇಳಿದರು. ಆದರೆ ಕನ್ನಡದ ಪದಗಳು ಉದ್ದ, ಬಟನ್ನಿನಲ್ಲಿ ಹಿಡಿಸಲಿಲ್ಲ. ಈಗ ಲೇಔಟನ್ನು ಕನ್ನಡಕ್ಕೇ ಮೊದಲು ಮಾಡಿಕೊಳ್ಳುತ್ತೇನೆ.

ಮುಂದಿನ ದೊಡ್ಡ ಕೆಲಸದಲ್ಲಿ ಬೇರೆ ಪೆಟ್ಟು ಬಿತ್ತು. ಅರ್ಧಕ್ಕೆ ನಿಲ್ಲಿಸಿದವರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತಿತ್ತು. ಕೋರ್ಸುಗಳನ್ನು ನಡೆಸುವ ಅವರ ಸಾಫ್ಟ್‌ವೇರ್, ಅಂದರೆ ಎಲ್‌ಎಂಎಸ್, ಸ್ಕಾರ್ಮ್ 1.2 ಅನ್ನುವ ಮಾನದಂಡದ್ದು. ಯಾರು ಎಲ್ಲಿ ನಿಲ್ಲಿಸಿದರು ಅಂತ ನೆನಪಿಡುವ `suspend_data` ಅದರಲ್ಲಿ 4096 ಅಕ್ಷರಕ್ಕೆ ಮುಗಿಯುತ್ತದೆ. ಎರಡು ವಾರ ಕೂಲಿಯಿಲ್ಲದೆ ಕೂತು ಮಾಡ್ಯೂಲನ್ನು ನಾಲ್ಕು ತುಂಡು ಮಾಡಿಕೊಟ್ಟೆ. ಈಗ ಮೊದಲ ಮೀಟಿಂಗಿನಲ್ಲೇ ಎಲ್‌ಎಂಎಸ್ ಯಾವುದು ಅಂತ ಕೇಳಿ, ಖಾಲಿ ಸ್ಲೈಡುಗಳ ಒಂದು ಪ್ಯಾಕೇಜ್ ಹಾಕಿ ನೋಡಿದ ಮೇಲೆಯೇ ಬರೆಯಲು ಕೂರುತ್ತೇನೆ.