ಫೋನಿಗೆ ಬೀಗ ಇತ್ತು, ಸಿಮ್ಮಿಗೆ ಇರಲಿಲ್ಲ

ಊರಿನ ಸಭೆಯಲ್ಲಿ ಸಿಮ್ಮು, ಓಟಿಪಿ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ಕರೆದಾಗ, ಮೊದಲ ಸಲ ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಓಟಿಪಿ ಯಾರಿಗೂ ಹೇಳಬೇಡಿ. ಎಲ್ಲರೂ ತಲೆಯಾಡಿಸಿದರು. ಅವರಿಗೆ ಅದು ಮೊದಲೇ ಗೊತ್ತಿತ್ತು. ಮುಗಿಸಿ ಕೂರುವಷ್ಟರಲ್ಲಿ ಹಿಂದಿನಿಂದ ಒಬ್ಬ ಅಕ್ಕ ಎದ್ದು ಕೇಳಿದರು: "ನಾನು ಯಾರಿಗೂ ಏನೂ ಹೇಳಿಲ್ಲ ಸಾರ್. ಆದ್ರೂ ನನ್ನ ವಾಟ್ಸಾಪ್ ಬೇರೆಯವರ ಕೈಗೆ ಹೋಗಿದೆಯಲ್ಲ, ಅದು ಹೆಂಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಭೆ ಮುಗಿದ ಮೇಲೆ ಅವರ ಪಕ್ಕ ಕೂತು ಫೋನು ನೋಡಿದೆ. ಈಗ ನಾನು ಕೊಡುವ ಭಾಷಣ ಶುರುವಾಗಿದ್ದು ಅಲ್ಲಿಂದ.

ಮೂರು ದಿನದ ಹಿಂದೆ ಅವರಿಗೆ ಒಂದು ಕರೆ ಬಂದಿತ್ತು. ನಿಮ್ಮ ಪಾರ್ಸೆಲ್ ಬಂದಿದೆ, ಹುಡುಗನಿಗೆ ಮನೆ ಸಿಗ್ತಿಲ್ಲ, ಅವನ ಜೊತೆ ಮಾತಾಡೋಕೆ ನಾನು ಹೇಳಿದ ಹಾಗೆ ಒತ್ತಿ ಅಂದಿದ್ದರಂತೆ. ಎರಡು ಸ್ಟಾರ್, ಇಪ್ಪತ್ತೊಂದು, ಮತ್ತೆ ಸ್ಟಾರ್, ಆಮೇಲೆ ಹುಡುಗನ ನಂಬರ್, ಕೊನೆಗೆ ಹ್ಯಾಶ್. ಅಕ್ಕ ಒತ್ತಿದರು. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಬಂತು, ಹೋಯಿತು. ಯಾರ ಜೊತೆಗೂ ಮಾತಾಗಲಿಲ್ಲ. ಸುಮ್ನೆ ಬಿಟ್ಟರು.

ನಾನು ಅವರ ಫೋನಿನಲ್ಲಿ `*#21#` ಒತ್ತಿ ಕರೆ ಬಟನ್ ಒತ್ತಿದೆ. ಅವರ ನಂಬರಿಗೆ ಬರುವ ಎಲ್ಲ ಕರೆಗಳೂ ಗುರುತಿಲ್ಲದ ಒಂದು ನಂಬರಿಗೆ ಹೋಗುತ್ತಿವೆ ಅಂತ ತೋರಿಸಿತು. ಅಕ್ಕ ಒತ್ತಿದ್ದು ಹುಡುಗನಿಗೆ ಕರೆ ಮಾಡುವ ಸಂಖ್ಯೆ ಅಲ್ಲ. ನನ್ನ ಕರೆಗಳನ್ನೆಲ್ಲ ಈ ನಂಬರಿಗೆ ತಿರುಗಿಸು ಅಂತ ಸಿಮ್ ಕಂಪನಿಗೆ ಕೊಟ್ಟ ಅಪ್ಪಣೆ ಅದು. ಕಾಲ್ ಫಾರ್ವರ್ಡ್ ಅಂತಾರಲ್ಲ, ಅದೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಸಭೆಯಲ್ಲಿ ನಿಧಾನವಾಗಿ ಹೇಳುತ್ತೇನೆ. ಹೀಗೆ ತಿರುಗುವುದು ಕರೆ ಮಾತ್ರ. ಮೆಸೇಜು ತಿರುಗುವುದಿಲ್ಲ, ಅದು ನಿಮ್ಮ ಫೋನಿಗೇ ಬರುತ್ತದೆ. ಹಾಗಾದರೆ ಕಳ್ಳನಿಗೆ ಏನು ಲಾಭ? ಅವನು ತನ್ನ ಫೋನಿನಲ್ಲಿ ಅಕ್ಕನ ನಂಬರ್ ಹಾಕಿ ವಾಟ್ಸಾಪ್ ಶುರು ಮಾಡಿದ. ಆರು ಅಂಕಿಯ ಕೋಡ್ ಮೆಸೇಜಿನಲ್ಲಿ ಅಕ್ಕನಿಗೇ ಬಂತು. ಅವರು ಯಾರಿಗೂ ಹೇಳಲಿಲ್ಲ, ಸರಿಯಾಗೇ ಮಾಡಿದರು. ಕಳ್ಳ ಸ್ವಲ್ಪ ಹೊತ್ತು ಕಾದ. ಮೆಸೇಜ್ ಬಾರದಿದ್ದರೆ ಕರೆ ಮಾಡಿ ಕೋಡ್ ಹೇಳಿ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದ. ಆ ಕರೆ ಅಕ್ಕನ ನಂಬರಿಗೆ ಹೊರಟು, ತಿರುಗಿ, ಅವನ ಕಿವಿಗೆ ಬಿತ್ತು. ಮಷೀನು ಆರು ಅಂಕಿಯನ್ನು ಒಂದೊಂದಾಗಿ ಓದಿ ಹೇಳಿತು. ಅಕ್ಕನ ಫೋನು ಒಂದು ಸಲವೂ ರಿಂಗ್ ಆಗಲಿಲ್ಲ.

ಮೊದಲು `##002#` ಒತ್ತಿಸಿದೆ. ಎಲ್ಲ ಥರದ ಫಾರ್ವರ್ಡನ್ನೂ ಇದು ಒಂದೇ ಸಲ ತೆಗೆಯುತ್ತದೆ. ಆಮೇಲೆ `*#21#` ಮತ್ತೆ ಒತ್ತಿ, ಖಾಲಿ ಆಗಿದೆಯಾ ಅಂತ ನೋಡಿದೆವು. ಈ ಕ್ರಮ ಮುಖ್ಯ. ಫಾರ್ವರ್ಡ್ ತೆಗೆಯದೆ ವಾಟ್ಸಾಪ್ ವಾಪಸ್ ತಗೊಂಡರೆ ಅವನು ಅದೇ ದಾರಿಯಲ್ಲಿ ಇನ್ನೊಮ್ಮೆ ಬರುತ್ತಾನೆ. ನಂತರ ಅಕ್ಕನ ಫೋನಿನಲ್ಲೇ ವಾಟ್ಸಾಪ್ ಮತ್ತೆ ಶುರು ಮಾಡಿ, ಮೆಸೇಜಿಗೆ ಬಂದ ಕೋಡ್ ಹಾಕಿದೆವು. ಅಷ್ಟು ಹಾಕಿದ ಕೂಡಲೇ ಅವನು ಹೊರಗೆ ಬಿದ್ದ. ಆದರೆ ಒಳಗಿದ್ದಾಗ ಅವನು ಎರಡು ಹಂತದ ಪಿನ್ ಹಾಕಿಟ್ಟಿದ್ದ. ಆ ಪಿನ್ ನಮಗೆ ಗೊತ್ತಿಲ್ಲ. ಹಾಗಾದಾಗ 7 ದಿನ ಕಾಯಬೇಕು, ಆಮೇಲೆ ಪಿನ್ ಇಲ್ಲದೆ ಒಳಗೆ ಬಿಡುತ್ತದೆ. ಅಕ್ಕ ಕಾದರು. ಆ ವಾರವಿಡೀ ನೆಂಟರಿಗೆಲ್ಲ ಕರೆ ಮಾಡಿ, ನನ್ನ ಹೆಸರಲ್ಲಿ ದುಡ್ಡು ಕೇಳಿದ್ದರೆ ಕೊಡಬೇಡಿ ಅಂತ ಹೇಳಿದ್ದೇ ಕೆಲಸ. ಎಂಟನೇ ದಿನ ವಾಪಸ್ ಸಿಕ್ಕಿತು. ಸಿಕ್ಕ ತಕ್ಷಣ ಅವರದೇ ಆರು ಅಂಕಿಯ ಪಿನ್ ಹಾಕಿಸಿದೆ. ವಾಟ್ಸಾಪಿನ ಸೆಟ್ಟಿಂಗ್ಸ್, ಅದರಲ್ಲಿ ಅಕೌಂಟ್, ಅದರೊಳಗೆ ಈ ಎರಡು ಹಂತದ ಪಿನ್ ಸಿಗುತ್ತದೆ. ಇದು ಮೊದಲೇ ಇದ್ದಿದ್ದರೆ ಕಳ್ಳನ ಕಿವಿಗೆ ಕೋಡ್ ಬಿದ್ದರೂ ಅವನು ಬಾಗಿಲಲ್ಲೇ ನಿಲ್ಲಬೇಕಿತ್ತು.

ಹಾಗಾಗಿ ಎರಡನೇ ಊರಿನಲ್ಲಿ ನಾನು ಮಾತು ಶುರು ಮಾಡಿದ್ದೇ ಎಲ್ಲರ ಕೈಲೂ `*#21#` ಒತ್ತಿಸಿ. ಕೀಪ್ಯಾಡ್ ಫೋನಿದ್ದವರೂ ಒತ್ತಬಹುದು, ಆಪ್ ಏನೂ ಬೇಡ. ಕೆಲವು ನೆಟ್‌ವರ್ಕುಗಳಲ್ಲಿ ಈ ಕೋಡ್ ನಡೆಯುವುದಿಲ್ಲ. ಅಂಥವರು ಫೋನಿನ ಕರೆ ಸೆಟ್ಟಿಂಗಿನಲ್ಲಿ ನೋಡಬೇಕು, ಇಲ್ಲವೇ ಕಸ್ಟಮರ್ ಕೇರ್‌ಗೆ ಕೇಳಬೇಕು. ಇನ್ನೊಂದು, ನಂಬರ್ ಕಂಡ ಕೂಡಲೇ ಕಳ್ಳ ಅಂತ ಕೂಗಬಾರದು. ಒಬ್ಬರು ಹುಷಾರಿನಿಂದ `*#62#` ಕೂಡ ಒತ್ತಿದರು. ಫೋನು ಆಫ್ ಇದ್ದಾಗ ಕರೆ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಕೋಡ್ ಅದು. ಒಂದು ನಂಬರ್ ಬಂತು, ಗಾಬರಿಯಾದರು. ವಿಚಾರಿಸಿದರೆ ಅದು ಕಂಪನಿಯದೇ ವಾಯ್ಸ್‌ಮೇಲ್ ನಂಬರು.

ಈಗ ಸಿಮ್ಮಿನ ಮಾತು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೆ ಮಾಡಿಯೇ ತೋರಿಸುತ್ತೇನೆ. ನನ್ನ ಫೋನನ್ನು ಲಾಕ್ ಮಾಡಿ ಮುಂದೆ ಕೂತ ಒಬ್ಬ ಹುಡುಗನ ಕೈಗೆ ಕೊಟ್ಟೆ. ತೆಗಿ ನೋಡೋಣ ಅಂದೆ. ಆಗಲಿಲ್ಲ, ನನ್ನ ಬೆರಳೇ ಬೇಕು. ಸರಿ, ಈಗ ಸಿಮ್ ತೆಗಿ ಅಂದೆ. ಸೂಜಿ ಚುಚ್ಚಿದ, ಟ್ರೇ ಹೊರಗೆ ಬಂತು. ಆ ಸಿಮ್ಮನ್ನು ಅವನ ಫೋನಿಗೆ ಹಾಕಿಸಿದೆ. ನಾನು ಇನ್ನೊಂದು ಫೋನಿನಲ್ಲಿ ನನ್ನದೇ ಒಂದು ಖಾತೆಗೆ ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದೆ. ಟಿಣ್ ಅಂತ ಸದ್ದಾಗಿದ್ದು ಹುಡುಗನ ಫೋನಿನಲ್ಲಿ. ಅವನು ಕೋಡನ್ನು ಜೋರಾಗಿ ಓದಿದ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ಸಾಲಿನ ಅಜ್ಜ ಒಬ್ಬರು ಕೇಳಿದರು: "ಹಂಗಾದ್ರೆ ಈ ಬೆರಳಿಟ್ಟು ತೆಗೆಯೋದು ಯಾತಕ್ಕಪ್ಪಾ?"

ಬೆರಳಿನ ಬೀಗ ಫೋನಿಗೆ. ಸಿಮ್ಮಿಗೆ ಬೇರೆ ಬೀಗ ಇದೆ, ಅದಕ್ಕೆ ಸಿಮ್ ಪಿನ್ ಅಂತಾರೆ. ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ ಭಾಗದಲ್ಲಿ ಸಿಮ್ ಲಾಕ್ ಅಂತ ಇರುತ್ತದೆ. ಜಾಗ ಒಂದೊಂದು ಫೋನಿನಲ್ಲಿ ಒಂದೊಂದು ಕಡೆ, ಸೆಟ್ಟಿಂಗ್ಸಿನಲ್ಲೇ ಹುಡುಕಿದರೆ ಬೇಗ ಸಿಗುತ್ತದೆ. ಆನ್ ಮಾಡುವಾಗ ಕಂಪನಿ ಕೊಟ್ಟ ಹಳೆಯ ಪಿನ್ ಕೇಳುತ್ತದೆ. ಅದನ್ನು ಹಾಕಿ, ಆಮೇಲೆ ನಿಮ್ಮದನ್ನು ಇಡಬೇಕು. ನಾಲ್ಕರಿಂದ ಎಂಟು ಅಂಕಿ ಇರಬಹುದು. ಇಷ್ಟು ಮಾಡಿದರೆ ಸಿಮ್ ಬೇರೆ ಫೋನಿಗೆ ಹೋದಾಗ ಅಲ್ಲಿ ಪಿನ್ ಕೇಳುತ್ತದೆ. ಪಿನ್ ಹಾಕುವ ತನಕ ನಿಮ್ಮ ಕರೆಯೂ ಇಲ್ಲ, ಮೆಸೇಜೂ ಇಲ್ಲ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಎಲ್ಲರೂ ಈಗಲೇ ಹಾಕಿಕೊಳ್ಳಿ ಅಂದುಬಿಟ್ಟೆ. ಕಂಪನಿಯ ಪಿನ್ ಎಷ್ಟು ಅಂತ ಗೊತ್ತಿಲ್ಲದ ಒಬ್ಬ ಅಣ್ಣ ಸುಮ್ನೆ ಅಂದಾಜಿನಲ್ಲಿ ಒತ್ತುತ್ತಾ ಹೋದರು. ಮೂರು ಸಲ ತಪ್ಪಾದರೆ ಸಿಮ್ ಬಂದ್ ಆಗುತ್ತದೆ. ಆಮೇಲೆ ಪಿಯುಕೆ ಅಂತ ಎಂಟು ಅಂಕಿಯ ಇನ್ನೊಂದು ಕೋಡ್ ಕೇಳುತ್ತದೆ. ಅವರು ಅದನ್ನೂ ಅಂದಾಜು ಮಾಡಲು ಹೊರಟಿದ್ದರು, ನಾನು ಓಡಿ ಹೋಗಿ ಕೈ ಹಿಡಿದೆ. ಪಿಯುಕೆ ಹತ್ತು ಸಲ ತಪ್ಪಾದರೆ ಆ ಸಿಮ್ ಸತ್ತ ಹಾಗೆ, ಹೊಸದನ್ನೇ ತಗೋಬೇಕು. ಕಸ್ಟಮರ್ ಕೇರ್‌ಗೆ ಬೇರೆ ಫೋನಿನಿಂದ ಕರೆ ಮಾಡಿ, ಅವರು ಕೇಳಿದ ಗುರುತು ಹೇಳಿ ಪಿಯುಕೆ ತಗೊಂಡೆವು. ಸಭೆಯ ಅರ್ಧ ಹೊತ್ತು ಇದಕ್ಕೇ ಹೋಯಿತು. ಈಗ ಸಭೆಯಲ್ಲಿ ಪಿನ್ ಹಾಕಿಸುವುದಿಲ್ಲ. ಸಿಮ್ ಬಂದ ಕಾರ್ಡಿನಲ್ಲಿ ಪಿನ್ ಅಚ್ಚಾಗಿದೆಯಾ ನೋಡಿ, ಇಲ್ಲದಿದ್ದರೆ ಮೊದಲು ಕೇಳಿ ತಿಳಿದುಕೊಳ್ಳಿ, ಆಮೇಲೆ ಮುಟ್ಟಿ ಅಂತ ಹೇಳಿ ಬಿಡುತ್ತೇನೆ.

ಸಿಮ್ ಪಿನ್ ಏನು ಮಾಡುವುದಿಲ್ಲ ಅಂತಲೂ ಹೇಳಬೇಕು. ಆನ್ ಇರುವ ಫೋನನ್ನೇ ಕದ್ದರೆ, ಅದು ಆಫ್ ಆಗುವ ತನಕ ಸಿಮ್ ತೆರೆದೇ ಇರುತ್ತದೆ. ಲಾಕ್ ಆದ ಪರದೆಯ ಮೇಲೆ ಮೆಸೇಜು ಪೂರ್ತಿ ಕಾಣುತ್ತಿದ್ದರೆ ಕೋಡ್ ಓದಲು ಬೀಗ ತೆಗೆಯುವುದೇ ಬೇಡ. ಅದಕ್ಕೆ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ, ಲಾಕ್ ಇದ್ದಾಗ ಮೆಸೇಜಿನ ಒಳಗಿನದು ಕಾಣದ ಹಾಗೆ ಮಾಡಿಡಿ ಅಂತ ಹೇಳುತ್ತೇನೆ. ಫೋನು ಹೋದರೆ ಪಾಸ್‌ವರ್ಡ್ ಬದಲಾಯಿಸಲು ಕೂರುವುದಕ್ಕಿಂತ ಮೊದಲು ಪಕ್ಕದವರ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ ಬ್ಲಾಕ್ ಮಾಡಿಸಬೇಕು. ಪಾಸ್‌ವರ್ಡ್ ಬದಲಾಯಿಸುವ ಕೋಡೂ ಅದೇ ಸಿಮ್ಮಿಗೆ ತಾನೇ ಬರೋದು?

ಇನ್ನು, ನಿಮ್ಮದೇ ನಂಬರಿಗೆ ಬೇರೆ ಯಾರೋ ಹೊಸ ಸಿಮ್ ತಗೊಂಡರೆ ನಿಮ್ಮ ಕೈಲಿರುವ ಸಿಮ್ ನಿಂತುಹೋಗುತ್ತದೆ, ಆಗ ಈ ಪಿನ್ ಉಪಯೋಗಕ್ಕೆ ಬರುವುದಿಲ್ಲ. ಇ-ಸಿಮ್ ಮಾಡಿಕೊಡ್ತೀವಿ, ಬಂದ ಕೋಡ್ ಹೇಳಿ ಅನ್ನುವವರು ಮಾಡುವುದು ಇದನ್ನೇ. ಗುರುತು ಸುಲಭ. ಪಕ್ಕದವರ ಫೋನಿನಲ್ಲಿ ಅದೇ ಕಂಪನಿಯ ಸಿಗ್ನಲ್ ಇದೆ, ನಿಮ್ಮದರಲ್ಲಿ ಇಲ್ಲ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೂ ಬರುತ್ತಿಲ್ಲ. ಆಗ ನಾಳೆ ನೋಡೋಣ ಅನ್ನಬಾರದು. ಆ ಕೂಡಲೇ ಕಂಪನಿಗೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಬೇಕು.

ನಂಬರ್ ಬಿಡುವವರಿಗೂ ಒಂದು ಮಾತು. ಬಳಸದೆ ಬಿಟ್ಟ ನಂಬರನ್ನು ಕಂಪನಿ ಕೆಲ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ಬ್ಯಾಂಕಿನಲ್ಲಿ ಹಳೆಯ ನಂಬರೇ ಉಳಿದಿದ್ದರೆ ನಿಮ್ಮ ಕೋಡು ಆ ಹೊಸಬರ ಜೇಬಿಗೆ ಹೋಗುತ್ತದೆ. ಮೊದಲು ಬ್ಯಾಂಕಿನಲ್ಲಿ ನಂಬರ್ ಬದಲಿಸಿ, ಆಮೇಲೆ ಸಿಮ್ ಬಿಡಿ.

ಓಟಿಪಿ ಕೋಡಿನ ಬಗ್ಗೆ ಈಗ ನಾನು ಹೇಳುವುದು ಕಡಿಮೆ. ಓದಲು ಬಾರದವರು ಜಾಸ್ತಿ ಇರುವ ಕಡೆ ಮೆಸೇಜ್ ಓದಿ ನೋಡಿ ಅಂದರೆ ಏನು ಪ್ರಯೋಜನ? ಅದಕ್ಕೆ ಹೀಗೆ ಹೇಳುತ್ತೇನೆ. ನೀವು ಏನನ್ನೂ ಒತ್ತದೆ ಕೋಡ್ ಬಂದರೆ, ಯಾರೋ ಎಲ್ಲೋ ನಿಮ್ಮ ನಂಬರ್ ಹಾಕಿದ್ದಾರೆ. ಬಂದಷ್ಟಕ್ಕೇ ಏನೂ ಹೋಗುವುದಿಲ್ಲ. ಅದರ ಬೆನ್ನಿಗೇ ಒಂದು ಕರೆ ಬಂದರೆ ಅದನ್ನು ಕಟ್ ಮಾಡಿ. ಮತ್ತೆ ಯಾರೇ ಹೇಳಲಿ, ಸ್ಟಾರ್ ಅಥವಾ ಹ್ಯಾಶ್ ಇರುವ ಯಾವುದನ್ನೂ ಒತ್ತಬೇಡಿ.

ಈ ಮಾತಿಗೆ ಕೀಪ್ಯಾಡ್ ಫೋನಿನ ಅಜ್ಜಿಯೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. "ನೀನೇ ಈಗ ಹ್ಯಾಶ್ ಒತ್ತಿಸಿದೆಯಲ್ಲೋ ಮಗಾ?" ನ್ಯಾಯವಾದ ಮಾತು. ಕರೆ ಮಾಡಿದವರು ಹೇಳಿದ್ದನ್ನು ಒತ್ತಬೇಡಿ ಅಜ್ಜಿ ಅಂತ ತಿದ್ದಿಕೊಂಡೆ. ಅವರು ಮೊಮ್ಮಗಳ ಕೈಲಿ ಫೋನಿನ ಹಿಂಬದಿಗೆ ಚೀಟಿ ಅಂಟಿಸಿ `##002#` ಬರೆಸಿದರು. ಪಕ್ಕದಲ್ಲೇ ಸಿಮ್ ಪಿನ್ ಕೂಡ ಬರೆಸಲು ಹೊರಟಿದ್ದರು. ಅದು ಮಾತ್ರ ಮನೆಯ ಪುಸ್ತಕದಲ್ಲಿರಲಿ ಅಂದೆ.